ಸ್ತ್ರೀಶಕ್ತಿ ಮೌಲ್ಯಮಾಪನದ ಟಿಒಆರ್: ಮುಚ್ಚಿದ ಸಂಘಗಳನ್ನೂ ಲೆಕ್ಕಕ್ಕೆ ತನ್ನಿ

ಪ್ರಶ್ನೆ: ನಾನು ಜಿಲ್ಲಾ ಮಟ್ಟದ ಕಚೇರಿಯಲ್ಲಿ ಕಾರ್ಯಕ್ರಮ ಅಧಿಕಾರಿ. ನಮ್ಮ ಜಿಲ್ಲೆಯ ಸ್ತ್ರೀಶಕ್ತಿ ಸಂಘಗಳ ಕಾರ್ಯಕ್ರಮವನ್ನು ಹೊರಗಿನ ಕನ್ಸಲ್ಟೆಂಟ್ ಕೈಲಿ ಮೌಲ್ಯಮಾಪನ ಮಾಡಿಸಬೇಕು, ಆ ಕೆಲಸದ ವ್ಯಾಪ್ತಿ, ಷರತ್ತುಗಳನ್ನು ಹೇಳುವ ಟಿಒಆರ್‌ನ ಕರಡು ನೀವೇ ಬರೆಯಿರಿ ಅಂದಿದ್ದಾರೆ. ಬೇರೆ ಜಿಲ್ಲೆಯ ಹಳೆಯ ಟಿಒಆರ್ ಒಂದು ಸಿಕ್ಕಿದೆ. ಅದರಲ್ಲಿ 42 ಪ್ರಶ್ನೆಗಳಿವೆ. ಶೇ 10ರಷ್ಟು ಸಂಘಗಳ ಸ್ಯಾಂಪಲ್, ನಾಲ್ಕು ತಿಂಗಳ ಅವಧಿ. ಕಳೆದ ಸಲದ ವರದಿಯಲ್ಲಿ ಶೇ 90ಕ್ಕಿಂತ ಜಾಸ್ತಿ ಮಹಿಳೆಯರು ಸಬಲರಾಗಿದ್ದಾರೆ ಎಂದಿತ್ತು, ಅದನ್ನು ಯಾರೂ ಓದಲಿಲ್ಲ. ಹಳೆಯದನ್ನೇ ತಿದ್ದಿದರೆ ಸಾಕೇ? ಕಡಿಮೆ ದರ ಹಾಕಿದವರಿಗೇ ಕೊಡಬೇಕೇ? ವರದಿ ನಮ್ಮ ವಿರುದ್ಧ ಬಂದರೆ ಏನು ಮಾಡುವುದು?

ಉತ್ತರ: ತಿದ್ದಿದರೆ ಸಾಲದು ಮೇಡಂ. ಶೀರ್ಷಿಕೆಗಳನ್ನು ಬೇಕಾದರೆ ಉಳಿಸಿಕೊಳ್ಳಿ: ಹಿನ್ನೆಲೆ, ಉದ್ದೇಶ, ಪ್ರಶ್ನೆಗಳು, ವಿಧಾನ, ಸ್ಯಾಂಪಲ್, ತಂಡದ ಅರ್ಹತೆ, ವರದಿಗಳು, ವೇಳಾಪಟ್ಟಿ, ಹಣ ಪಾವತಿ. ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಶುರುವಾದ ಮೇಲೆ ನಮ್ಮ ರಾಜ್ಯದ ಇಲಾಖೆಗಳಲ್ಲಿ ಈ ಚೌಕಟ್ಟು ಹೆಚ್ಚುಕಡಿಮೆ ರೂಢಿಯಾಗಿದೆ, ಅದು ಕೆಟ್ಟದ್ದೇನಲ್ಲ. ನಿಮ್ಮ ಅಧ್ಯಯನ ಪ್ರಾಧಿಕಾರದ ಮೂಲಕವೇ ಹೋಗಬೇಕೇ ಎಂಬುದನ್ನು ಮಾತ್ರ ಈಗಲೇ ಕೇಳಿಟ್ಟುಕೊಳ್ಳಿ. ಶೀರ್ಷಿಕೆಗಳ ಕೆಳಗೆ ಇರುವುದನ್ನು ಮಾತ್ರ ಹೊಸದಾಗಿ ಬರೆಯಬೇಕು. ಕಾರಣ, ಆ ಶೇ 90 ಬಂದದ್ದು ಕನ್ಸಲ್ಟೆಂಟ್‌ರ ಸೋಮಾರಿತನದಿಂದ ಅಂತ ನನಗೆ ಅನ್ನಿಸುವುದಿಲ್ಲ. ಅಂಥ ಟಿಒಆರ್ ಕೊಟ್ಟರೆ ಎಂಥ ಒಳ್ಳೆಯ ತಂಡಕ್ಕೂ ಅದೇ ಉತ್ತರ ಬರುತ್ತದೆ.

ಹೇಗೆ ಅಂತ ನೋಡಿ. ಕನ್ಸಲ್ಟೆಂಟ್ ಬಂದು ಸಂಘಗಳ ಪಟ್ಟಿ ಕೇಳುತ್ತಾರೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಕಚೇರಿಯಿಂದ ‘ಚಾಲ್ತಿಯಲ್ಲಿರುವ ಸಂಘಗಳು’ ಎಂಬ ಪಟ್ಟಿ ಹೋಗುತ್ತದೆ. ಅದರಿಂದ ಸ್ಯಾಂಪಲ್ ತೆಗೆಯುತ್ತಾರೆ. ಊರಿಗೆ ಹೋದಾಗ ಅಂಗನವಾಡಿ ಕಾರ್ಯಕರ್ತೆ ಜೊತೆಗಿರುತ್ತಾರೆ. ‘ಈ ಸಂಘ ಈಗ ನಡೀತಿಲ್ಲ ಸರ್, ಪಕ್ಕದ ಓಣಿಯದು ಚೆನ್ನಾಗಿದೆ, ಅಲ್ಲಿಗೆ ಹೋಗೋಣ’ ಅನ್ನುತ್ತಾರೆ. ಅಲ್ಲಿ ಸಂಘದ ಪ್ರತಿನಿಧಿಗಳು, ಸಭೆಗೆ ತಪ್ಪದೆ ಬರುವ ನಾಲ್ಕೈದು ಜನ ಸೇರಿರುತ್ತಾರೆ. ‘ಸಂಘಕ್ಕೆ ಸೇರಿದ ಮೇಲೆ ನಿಮ್ಮ ಆತ್ಮವಿಶ್ವಾಸ ಹೆಚ್ಚಿದೆಯೇ?’ ಎಂದು ಕೇಳುತ್ತಾರೆ. ಸಂಘ ಕಟ್ಟಿಸಿದ ಕಾರ್ಯಕರ್ತೆ ಎದುರಿಗೇ ಕೂತಿರುವಾಗ ಯಾರು ಇಲ್ಲ ಅಂತಾರೆ, ಹೇಳಿ. ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೆ ಮುಚ್ಚಿಹೋದ ಸಂಘಗಳು, ಬಿಟ್ಟುಹೋದ ಸದಸ್ಯರು, ಸಾಲ ಕಟ್ಟಲಾಗದೆ ಸಭೆಗೆ ಬರದವರು ಎಲ್ಲರೂ ಒಂದೊಂದೇ ಹಂತದಲ್ಲಿ ಸೋಸಿಹೋಗಿದ್ದಾರೆ. ಉಳಿದವರಲ್ಲಿ ಶೇ 90 ಜನ ಚೆನ್ನಾಗಿರುವುದು ಸಹಜ ಅಲ್ವಾ?

ಹಾಗಾಗಿ ನಿಮ್ಮ ಟಿಒಆರ್‌ನಲ್ಲಿ ಮೊದಲು ಗಟ್ಟಿ ಮಾಡಬೇಕಾದದ್ದು ಪಟ್ಟಿ. ಸ್ತ್ರೀಶಕ್ತಿ ಶುರುವಾದದ್ದು 2000-01ರಲ್ಲಿ. ಅಂದಿನಿಂದ ಜಿಲ್ಲೆಯಲ್ಲಿ ರಚನೆಯಾದ ಪ್ರತಿಯೊಂದು ಸಂಘದ ಹೆಸರು, ಊರು, ರಚನೆಯಾದ ವರ್ಷ, ಸದಸ್ಯರಿಗೆ ಸಾಲವಾಗಿ ತಿರುಗಿಸಲು ಸರ್ಕಾರ ಕೊಡುವ ಸುತ್ತುನಿಧಿ ಸಿಕ್ಕ ದಿನಾಂಕ, ಬ್ಯಾಂಕ್ ಶಾಖೆ, ಇಷ್ಟು ಇರುವ ಪಟ್ಟಿಯನ್ನು ಇಲಾಖೆಯೇ ಕೊಡುತ್ತದೆ ಎಂದು ಬರೆಯಿರಿ. ಸ್ಯಾಂಪಲ್ ಆ ಪೂರ್ತಿ ಪಟ್ಟಿಯಿಂದ, ಕಂಪ್ಯೂಟರ್‌ನಲ್ಲಿ ಲಾಟರಿ ಎತ್ತಿದಂತೆ, ನಿಮ್ಮ ಕಚೇರಿಯವರ ಎದುರಲ್ಲೇ ಬರಬೇಕು. ಆಯ್ಕೆಯಾದ ಸಂಘ ಮುಚ್ಚಿದ್ದರೆ ಬದಲಿಗೆ ಇನ್ನೊಂದನ್ನು ಹಾಕಿಕೊಳ್ಳುವಂತಿಲ್ಲ. ‘ಮುಚ್ಚಿದೆ’ ಎನ್ನುವುದೇ ಒಂದು ಮಾಹಿತಿ, ಅದನ್ನು ದಾಖಲಿಸಿ ಹಳೆಯ ಸದಸ್ಯರಲ್ಲಿ ಮೂವರನ್ನಾದರೂ ಹುಡುಕಿ ಮಾತಾಡಿಸಬೇಕು. ಈ ಎರಡು ವಾಕ್ಯ ಟಿಒಆರ್‌ನಲ್ಲಿ ಇಲ್ಲದಿದ್ದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ಮುಚ್ಚಿದ ಸಂಘ ಅಂದರೆ ಸೋತ ಸಂಘ ಎಂದೇ ಲೆಕ್ಕ ಹಾಕಬಾರದು, ಇದನ್ನೂ ಬರೆಯಿರಿ. ಕ್ಷೇತ್ರದಲ್ಲಿ ಮೂರು ಬಗೆ ಸಿಗುತ್ತವೆ. ಒಂದು, ಹತ್ತು ಹದಿನೈದು ವರ್ಷ ನಡೆಸಿ, ಸಾಲವೆಲ್ಲ ವಸೂಲಾದ ಮೇಲೆ ಉಳಿತಾಯ ಮತ್ತು ಬಡ್ಡಿಯನ್ನು ಲೆಕ್ಕ ಮಾಡಿ ಹಂಚಿಕೊಂಡು, ಖುಷಿಯಾಗಿಯೇ ಮುಗಿಸಿದ್ದು. ಇನ್ನೊಂದು, ಇಬ್ಬರು ಮೂವರು ಸಾಲ ಕಟ್ಟದೆ ಸುಸ್ತಿಯಾಗಿ, ಜಗಳವಾಗಿ, ಉಳಿದವರ ಉಳಿತಾಯವೂ ಕೈಗೆ ಸಿಗದೆ ನಿಂತದ್ದು. ಮೂರನೆಯದು ಮುಚ್ಚಿಯೇ ಇಲ್ಲ. ಅದೇ ಮಹಿಳೆಯರು ರಾಜ್ಯದ ಜೀವನೋಪಾಯ ಅಭಿಯಾನವಾದ ಸಂಜೀವಿನಿಯ ಅಡಿಯಲ್ಲಿ ಬೇರೆ ಹೆಸರಿನಿಂದ ನಡೆಸುತ್ತಿದ್ದಾರೆ. ಮೂರನ್ನೂ ಒಂದೇ ಕಾಲಂನಲ್ಲಿ ‘ನಿಷ್ಕ್ರಿಯ’ ಎಂದು ಹಾಕಿದರೆ ಯಾವ ನಿರ್ಧಾರಕ್ಕೂ ಬರಲಾಗುವುದಿಲ್ಲ. ಗುರುತು ಹಿಡಿಯುವುದು ಕಷ್ಟವಲ್ಲ. ಕೊನೆಯ ಸಭೆಯ ನಡಾವಳಿ ಯಾವ ತಿಂಗಳದ್ದು, ಸಂಘದ ಪಾಸ್‌ಬುಕ್‌ನಲ್ಲಿ ಕೊನೆಯ ಜಮೆ ಯಾವಾಗ, ಕೊನೆಗೆ ಯಾರಿಗೆ ಎಷ್ಟು ಹಣ ಸಿಕ್ಕಿತು ಎಂದು ಕೇಳಿದರೆ ತಿಳಿಯುತ್ತದೆ. ಎರಡು ವರ್ಷ ಖಾತೆದಾರರ ವಹಿವಾಟು ಇಲ್ಲದ ಖಾತೆಯನ್ನು ಬ್ಯಾಂಕಿನವರೂ ನಿಷ್ಕ್ರಿಯ ಎಂದೇ ಪರಿಗಣಿಸುತ್ತಾರೆ. ಹಾಗಾಗಿ ಬಾಯಿಮಾತನ್ನೇ ನಂಬಿಕೊಂಡು ಕೂರಬೇಕಿಲ್ಲ.

ಇನ್ನು ಶೇ 10ರ ವಿಷಯ. ಇದು ನಮ್ಮ ಕಚೇರಿಗಳಲ್ಲಿ ಬೇರುಬಿಟ್ಟ ನಂಬಿಕೆ. ಸ್ಯಾಂಪಲ್ ಎಷ್ಟು ನಿಖರ ಎನ್ನುವುದು ಒಟ್ಟು ಸಂಘಗಳಲ್ಲಿ ಎಷ್ಟು ಶೇಕಡಾ ತೆಗೆದಿರಿ ಎನ್ನುವುದರ ಮೇಲೆ ನಿಂತಿಲ್ಲ. ಎಷ್ಟು ಜನರನ್ನು, ಹೇಗೆ ಹರಡಿ ತೆಗೆದಿರಿ ಎನ್ನುವುದರ ಮೇಲೆ ನಿಂತಿದೆ. ಒಂದು ಲೆಕ್ಕ ಮಾಡೋಣ. ನಿಮ್ಮ ಜಿಲ್ಲೆಯಲ್ಲಿ 4,800 ಸಂಘ ಇವೆ ಅಂದುಕೊಳ್ಳಿ. ಶೇ 10 ಅಂದರೆ 480 ಸಂಘ, ಸಂಘಕ್ಕೆ 15 ಜನರಂತೆ 7,200 ಸಂದರ್ಶನ. ಒಂದು ಸಂದರ್ಶನಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಮನೆ ಹುಡುಕುವುದು, ಕಾಯುವುದು ಎಲ್ಲ ಸೇರಿ ಒಬ್ಬರು ದಿನಕ್ಕೆ ನಾಲ್ಕು ಮಾಡಿದರೆ ಹೆಚ್ಚು. ಹತ್ತು ಜನರ ತಂಡಕ್ಕೆ 180 ದಿನ ಆಯಿತು. ನಿಮ್ಮ ಅವಧಿ ನಾಲ್ಕು ತಿಂಗಳು. ಆಗ ಏನಾಗುತ್ತದೆ ಗೊತ್ತಲ್ಲ, ಸಂದರ್ಶನ ಹನ್ನೆರಡು ನಿಮಿಷಕ್ಕೆ ಇಳಿಯುತ್ತದೆ, ಇಲ್ಲವೇ ಸಂಘವನ್ನೆಲ್ಲ ಒಟ್ಟಿಗೆ ಕೂರಿಸಿ ಕೈ ಎತ್ತಿಸುತ್ತಾರೆ.

ಒಂದು ಪ್ರಮಾಣವನ್ನು ಶೇ 5ರಷ್ಟು ಆಚೀಚೆ ತಿಳಿಯಲು, ಎಲ್ಲರನ್ನೂ ಬಿಡಿಬಿಡಿಯಾಗಿ ಲಾಟರಿ ಎತ್ತಿದ್ದರೆ, ಸುಮಾರು 384 ಜನ ಸಾಕು. ಆದರೆ ನಾವು ಸಂಘ ಸಂಘವಾಗಿ ತೆಗೆಯುತ್ತೇವೆ. ಒಂದೇ ಸಂಘದವರು ಒಂದೇ ಓಣಿಯವರು, ಒಂದೇ ಬ್ಯಾಂಕಿನವರು, ಅವರ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಹಾಗಾಗಿ ಹದಿನೈದನೆಯವರನ್ನು ಕೇಳಿದಾಗ ಹೊಸದಾಗಿ ಸಿಗುವುದು ಕಡಿಮೆ. ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಈ ಹೋಲಿಕೆ 0.2 ಅಂತ ಹಿಡಿದರೆ, ಸಂಘಕ್ಕೆ ಐವರಂತೆ ತೆಗೆದಾಗ ಸ್ಯಾಂಪಲ್ 1.8 ಪಟ್ಟು ಬೇಕಾಗುತ್ತದೆ, ಅಂದರೆ ಸುಮಾರು 690 ಜನ. ಹದಿನೈದೂ ಜನರನ್ನು ಕೇಳುವುದಾದರೆ 3.8 ಪಟ್ಟು, ಸುಮಾರು 1,460 ಜನ. ನಿಖರತೆ ಅಷ್ಟೇ, ಕೆಲಸ ಎರಡು ಪಟ್ಟಿಗಿಂತ ಜಾಸ್ತಿ. ಸಿಗದವರಿಗೆ ಅಂತ ಸ್ವಲ್ಪ ಸೇರಿಸಿ 150 ಸಂಘ, ಸಂಘಕ್ಕೆ ಐವರು, ಒಟ್ಟು 750 ಎಂದಿಟ್ಟುಕೊಳ್ಳಿ. ಮುಚ್ಚಿದವೂ ಬರುತ್ತವಲ್ಲ, ಅದಕ್ಕೆ ಪೂರ್ತಿ ಪಟ್ಟಿಯಿಂದ 190 ಎತ್ತಿ. ಸುಮಾರು 40 ಮುಚ್ಚಿದ್ದರೆ ಅವುಗಳಿಂದ 120 ಹಳೆಯ ಸದಸ್ಯರು. ಒಟ್ಟು 870 ಸಂದರ್ಶನ. ಇದಕ್ಕೆ ಮಿತಿಯೂ ಇದೆ: ಈ ಸಂಖ್ಯೆಯಿಂದ ಜಿಲ್ಲೆಯ ಚಿತ್ರ ಸಿಗುತ್ತದೆ, ತಾಲ್ಲೂಕು ತಾಲ್ಲೂಕಿಗೆ ಹೋಲಿಸಲು ಆಗುವುದಿಲ್ಲ. ಮೇಲಿನವರು ‘ತಾಲ್ಲೂಕುವಾರು ರ‍್ಯಾಂಕ್ ಕೊಡಿ’ ಅಂದರೆ ಸ್ಯಾಂಪಲ್, ಹಣ ಎರಡೂ ಹೆಚ್ಚಬೇಕಾಗುತ್ತದೆ ಎಂದು ಈಗಲೇ ಹೇಳಿಬಿಡಿ.

ಈಗ 42 ಪ್ರಶ್ನೆಗಳಿಗೆ ಬರೋಣ. ಅವು ಎಲ್ಲಿಂದ ಬರುತ್ತವೆ ಅಂದರೆ, ಪ್ರಸ್ತುತತೆ, ಪರಿಣಾಮಕಾರಿತ್ವ, ದಕ್ಷತೆ, ಪರಿಣಾಮ, ಸುಸ್ಥಿರತೆ ಎಂಬ ತಲೆಬರಹಗಳನ್ನು ಹಾಕಿ, ಪ್ರತಿಯೊಂದರ ಕೆಳಗೆ ಎಂಟು ಹತ್ತು ಪ್ರಶ್ನೆ ತುಂಬಿಸುವುದರಿಂದ. ತಲೆಬರಹಗಳು ಅಂತಾರಾಷ್ಟ್ರೀಯ ಮಾನದಂಡಗಳೇ. ಆದರೆ ಎಲ್ಲವನ್ನೂ ಒಂದೇ ಅಧ್ಯಯನದಲ್ಲಿ ಕೇಳಲೇಬೇಕು ಅಂತ ಯಾರೂ ಹೇಳಿಲ್ಲ. ನಾನು ಇಲಾಖೆಯವರ ಜೊತೆ ಕೂತಾಗ ಒಂದೇ ಪರೀಕ್ಷೆ ಹಚ್ಚುತ್ತೇನೆ: ಉತ್ತರ ‘ಹೌದು’ ಬಂದರೆ ಮುಂದಿನ ವರ್ಷ ಏನು ಮಾಡುತ್ತೀರಿ, ‘ಇಲ್ಲ’ ಬಂದರೆ ಏನು ಮಾಡುತ್ತೀರಿ? ಎರಡಕ್ಕೂ ಒಂದೇ ಉತ್ತರ ಆದರೆ ಪ್ರಶ್ನೆಯನ್ನು ಹೊಡೆದುಹಾಕಿ. ‘ಕಾರ್ಯಕ್ರಮ ಮಹಿಳೆಯರ ಅಗತ್ಯಗಳಿಗೆ ಪ್ರಸ್ತುತವಾಗಿದೆಯೇ?’ ಎಂಬುದು ಅಲ್ಲೇ ಬಿದ್ದುಹೋಗುತ್ತದೆ. ‘ಸುತ್ತುನಿಧಿ ಸಿಕ್ಕ ಮೇಲೆ ಸಂಘ ತನ್ನ ಸದಸ್ಯರಿಗೇ ಕೊಡುವ ಒಳಸಾಲ ಹೆಚ್ಚಿತೇ, ಅಥವಾ ಆ ಹಣ ಬ್ಯಾಂಕಿನಲ್ಲೇ ಕೂತಿದೆಯೇ?’ ಎಂಬುದು ಉಳಿಯುತ್ತದೆ. ಹೀಗೆ ಸೋಸಿದರೆ ಆರೇಳು ಉಳಿಯಬಹುದು. ನಿಮ್ಮ ಜಾಗದಲ್ಲಿದ್ದರೆ ನಾನು ನಾಲ್ಕನ್ನು ಇಟ್ಟುಕೊಳ್ಳುತ್ತಿದ್ದೆ: ಯಾವ ಸಂಘಗಳು ಎಷ್ಟನೇ ವರ್ಷದಲ್ಲಿ, ಯಾಕೆ ನಿಲ್ಲುತ್ತವೆ? ಸುತ್ತುನಿಧಿಯಿಂದ ಒಳಸಾಲಕ್ಕೆ ಏನಾಯಿತು? ಸದಸ್ಯರ ಒಟ್ಟು ಸಾಲದಲ್ಲಿ ಸಂಘದ ಪಾಲೆಷ್ಟು, ದುಬಾರಿ ಸಾಲ ಕಡಿಮೆಯಾಗಿದೆಯೇ? ಸಂಘದಿಂದ ತೆಗೆದ ಸಾಲವನ್ನು ಬಳಸುವುದು ಯಾರು, ತೀರಿಸುವುದು ಯಾರು?

ಕೊನೆಯ ಪ್ರಶ್ನೆ ಸಬಲೀಕರಣದ ಬದಲಿಗೆ. ‘ಶೇಕಡಾ ಎಷ್ಟು ಮಂದಿ ಸಬಲರಾದರು’ ಎಂದು ಬರೆದರೆ ಕನ್ಸಲ್ಟೆಂಟ್ ಹತ್ತು ವಾಕ್ಯಗಳಿಗೆ ಹೌದು–ಇಲ್ಲ ಕೇಳಿ ಕೂಡಿಸಿ ಒಂದು ಅಂಕಿ ಕೊಡುತ್ತಾರೆ. ಅದರ ಬದಲು ಪ್ರತಿ ಸದಸ್ಯೆಯ ಕೊನೆಯ ಒಂದು ಸಾಲವನ್ನು ಹಿಡಿದು ಕೇಳಲಿ. ಎಷ್ಟು ತೆಗೆದಿರಿ, ಯಾಕೆ ಬೇಕಿತ್ತು, ಆ ತೀರ್ಮಾನ ಯಾರದು, ಹಣ ಯಾರ ಕೈಗೆ ಹೋಯಿತು, ಕಂತನ್ನು ಯಾವ ದುಡಿಮೆಯಿಂದ ಕಟ್ಟುತ್ತಿದ್ದೀರಿ. ಹೆಸರು ಹೆಂಡತಿಯದು, ಟ್ರ್ಯಾಕ್ಟರ್ ಕಂತು ಗಂಡನದು, ತಡವಾದರೆ ಸಭೆಯಲ್ಲಿ ತಲೆ ತಗ್ಗಿಸುವುದು ಮತ್ತೆ ಹೆಂಡತಿ. ಇಂಥದ್ದು ಹೌದು–ಇಲ್ಲದಲ್ಲಿ ಹೊರಬರುವುದಿಲ್ಲ. ಹಾಗಂತ ಗಂಡ ಬಳಸಿದರೆ ಅದು ವೈಫಲ್ಯ ಅಂತಲೂ ತೀರ್ಪು ಕೊಡಬೇಡಿ, ಮನೆಯ ಹೊಲಕ್ಕೇ ಹಾಕಿರಬಹುದು. ಇಬ್ಬರೂ ಕೂತು ತೀರ್ಮಾನಿಸಿದರೇ ಎನ್ನುವುದು ಮುಖ್ಯ. ಈ ಭಾಗವನ್ನು ಮಹಿಳಾ ಸಂದರ್ಶಕರೇ, ಮನೆಯವರು ಹತ್ತಿರ ಇಲ್ಲದಾಗ ಕೇಳಬೇಕು ಎಂಬ ಷರತ್ತು ಟಿಒಆರ್‌ನಲ್ಲೇ ಇರಲಿ. ಅಂಗನವಾಡಿ ಕಾರ್ಯಕರ್ತೆ ಮನೆ ತೋರಿಸಿ ಹೊರಡಬೇಕು ಎಂಬುದೂ ಇರಲಿ.

ಸಾಲದ ಪ್ರಶ್ನೆಗೆ ಒಂದು ಎಚ್ಚರಿಕೆ. ಇವತ್ತು ಒಬ್ಬ ಮಹಿಳೆ ಸ್ತ್ರೀಶಕ್ತಿಯಲ್ಲೂ ಇರಬಹುದು, ಧರ್ಮಸ್ಥಳ ಸಂಘದಲ್ಲೂ ಇರಬಹುದು, ಜೊತೆಗೆ ಒಂದೆರಡು ಮೈಕ್ರೋಫೈನಾನ್ಸ್ ಸಾಲವೂ ಇರಬಹುದು. ಒಂದರ ಕಂತನ್ನು ಇನ್ನೊಂದರಿಂದ ಕಟ್ಟುತ್ತಿರಬಹುದು. ಸಂಘದ ಪುಸ್ತಕ ನೋಡಿದರೆ ವಸೂಲಾತಿ ಶೇ 98, ಮನೆಯ ಲೆಕ್ಕ ನೋಡಿದರೆ ಒಟ್ಟು ಸಾಲ ಏರುತ್ತಲೇ ಇದೆ. ಹಾಗಾಗಿ ಬ್ಯಾಂಕ್, ಸೊಸೈಟಿ, ಮೈಕ್ರೋಫೈನಾನ್ಸ್, ಒಡವೆ ಸಾಲ, ಕೈಸಾಲ ಎಲ್ಲವನ್ನೂ ಮೂಲವಾರು ಬರೆಸಬೇಕು. ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದ ಮೇಲೆ ಜನ ಈ ಬಗ್ಗೆ ಮಾತಾಡಲು ಅಳುಕಬಹುದು. ಮಾಹಿತಿ ಯಾರಿಗೆ ಹೋಗುತ್ತದೆ, ಹೆಸರು ಎಲ್ಲೂ ಬರುವುದಿಲ್ಲ ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು.

ಈಗ ಎಲ್ಲಕ್ಕಿಂತ ದೊಡ್ಡ ಗೊಂದಲ: ‘ಪರಿಣಾಮ’. ಹಳೆಯ ಟಿಒಆರ್‌ನಲ್ಲಿ ‘ಕಾರ್ಯಕ್ರಮದ ಪರಿಣಾಮವನ್ನು ಅಳೆಯುವುದು’ ಅಂತ ಖಂಡಿತ ಇರುತ್ತದೆ. ಪರಿಣಾಮ ಅಂದರೆ ಕಾರ್ಯಕ್ರಮ ಇಲ್ಲದೇ ಇದ್ದಿದ್ದರೆ ಏನಾಗುತ್ತಿತ್ತು ಎನ್ನುವುದಕ್ಕೂ ಈಗ ಆಗಿರುವುದಕ್ಕೂ ಇರುವ ಅಂತರ. ಬಿಹಾರದ ಜೀವಿಕಾ ಸಂಘಗಳ ಮೇಲೆ ಅಂಥ ಅಧ್ಯಯನ ನಡೆದಿದೆ. 180 ಪಂಚಾಯಿತಿಗಳನ್ನು ಲಾಟರಿ ಎತ್ತಿ, ಕೆಲವು ಕಡೆ ಮೊದಲು, ಉಳಿದ ಕಡೆ ಸುಮಾರು ಎರಡು ವರ್ಷ ತಡವಾಗಿ ಕಾರ್ಯಕ್ರಮ ತಂದರು. ದುಬಾರಿ ಬಡ್ಡಿಯ ಸಾಲ ಕಡಿಮೆಯಾದದ್ದು ಅಲ್ಲಿ ಸ್ಪಷ್ಟವಾಗಿ ಕಂಡಿತು. ಆದರೆ ಅದನ್ನು ಕಾರ್ಯಕ್ರಮ ಶುರುವಾಗುವ ಮುಂಚೆಯೇ ಯೋಜಿಸಿದ್ದರು. ನಮ್ಮಲ್ಲಿ ಎರಡು ದಶಕದಿಂದ ಊರೂರಿಗೂ ಸ್ತ್ರೀಶಕ್ತಿ ಇದೆ. ಸಂಘ ಇಲ್ಲದ ಊರು ಎಲ್ಲಿಂದ ತರುತ್ತೀರಿ?

ನಿಮ್ಮ ಮುಂದೆ ಮೂರು ದಾರಿ ಇವೆ. ಸದಸ್ಯರನ್ನೂ ಅದೇ ಊರಿನ ಸದಸ್ಯರಲ್ಲದವರನ್ನೂ ಹೋಲಿಸುವುದು ಎಲ್ಲರೂ ಮಾಡುವುದು, ಅಗ್ಗವೂ ಹೌದು. ಆದರೆ ಸಂಘಕ್ಕೆ ಸೇರುವವರು ಮೊದಲಿಂದಲೂ ಸ್ವಲ್ಪ ಧೈರ್ಯಸ್ಥರು, ತಿಂಗಳು ತಿಂಗಳು ಉಳಿಸುವ ಶಕ್ತಿ ಇದ್ದವರು. ಕಡು ಬಡವರು, ವಲಸೆ ಹೋಗುವವರು ಹೊರಗೇ ಉಳಿದಿರುತ್ತಾರೆ. ಅಂತರ ಕಂಡರೆ ಅದು ಸಂಘದ್ದೋ ಮೊದಲಿಂದ ಇದ್ದದ್ದೋ ಹೇಳಲಾಗುವುದಿಲ್ಲ. ಎರಡನೆಯದು, ಅದೇ ಸದಸ್ಯರ ‘ಮೊದಲು’ ಮತ್ತು ‘ಈಗ’ ಹೋಲಿಸುವುದು. ಇದಂತೂ ಈಗ ಅಪಾಯ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಶುರುವಾಗಿದೆ. ಉಳಿತಾಯ ಹೆಚ್ಚಿದ್ದರೆ ಅದರ ಶ್ರೇಯಸ್ಸು ಪೂರ್ತಿ ಸ್ತ್ರೀಶಕ್ತಿಗೆ ಹೋಗಿಬಿಡುತ್ತದೆ. ಮೂರನೆಯದನ್ನೇ ನಾನು ಸೂಚಿಸುವುದು: ಇಡೀ ಕಾರ್ಯಕ್ರಮದ ಪರಿಣಾಮ ಬಿಟ್ಟು ಸುತ್ತುನಿಧಿಯ ಪರಿಣಾಮ ಮಾತ್ರ ಕೇಳಿ. ಹಣ ಬೇಗ ಸಿಕ್ಕ ಸಂಘಗಳನ್ನೂ, ಅರ್ಹತೆ ಇದ್ದು ಇನ್ನೂ ಸಿಗದ ಅಥವಾ ತಡವಾಗಿ ಸಿಕ್ಕ ಸಂಘಗಳನ್ನೂ ಹೋಲಿಸಿ.

ಇದಕ್ಕೆ ಬೇಕಾದ ಮಾಹಿತಿ ಸಂಘದ ಬೀರುವಿನಲ್ಲೇ ಇದೆ. ನಡಾವಳಿ, ಉಳಿತಾಯ ಮತ್ತು ಸಾಲದ ಲೆಡ್ಜರ್, ಸದಸ್ಯರ ಪಾಸ್‌ಬುಕ್. ಹಣ ಸಿಗುವ ಹಿಂದಿನ 12 ತಿಂಗಳು, ಮುಂದಿನ 12 ತಿಂಗಳು, ಒಟ್ಟು 24 ತಿಂಗಳ ಉಳಿತಾಯ, ಒಳಸಾಲ, ವಸೂಲಾತಿಯನ್ನು ನಕಲು ಮಾಡಿಕೊಳ್ಳಬೇಕು. ನೆನಪಿನಿಂದ ಹೇಳಿಸುವುದಕ್ಕಿಂತ ಇದು ಎಷ್ಟೋ ಮೇಲು. ಉದಾಹರಣೆಗೆ, ಹಣ ಸಿಕ್ಕ ಸಂಘಗಳಲ್ಲಿ ತಿಂಗಳ ಸರಾಸರಿ ಒಳಸಾಲ 12,000ದಿಂದ 20,000 ರೂಪಾಯಿಗೆ ಏರಿತು ಅಂದುಕೊಳ್ಳಿ. ಹಣ ಸಿಗದವುಗಳಲ್ಲಿ ಅದೇ ಅವಧಿಯಲ್ಲಿ 11,500ರಿಂದ 17,500ಕ್ಕೆ ಏರಿದೆ. ಬರೀ ಮೊದಲನೆಯದನ್ನು ನೋಡಿದ್ದರೆ 8,000 ಏರಿಕೆ ಸುತ್ತುನಿಧಿಯಿಂದ ಅನ್ನುತ್ತಿದ್ದಿರಿ. ಹಣ ಇಲ್ಲದೆಯೂ 6,000 ಏರಿದೆ, ಗೃಹಲಕ್ಷ್ಮಿ ಎರಡೂ ಕಡೆಯವರಿಗೆ ಬರುತ್ತಿತ್ತಲ್ಲ. ಸುತ್ತುನಿಧಿಗೆ ಸೇರುವುದು 2,000 ಮಾತ್ರ. ಆದರೆ ಇದು ನಂಬಲು ಯೋಗ್ಯವಾಗಬೇಕಾದರೆ ಹಣ ಬರುವ ಹಿಂದಿನ 12 ತಿಂಗಳಲ್ಲಿ ಎರಡೂ ಬಗೆಯ ಸಂಘಗಳು ಒಂದೇ ಥರ ಸಾಗುತ್ತಿರಬೇಕು. ಸಿಡಿಪಿಒಗಳು ಚೆನ್ನಾಗಿ ನಡೆಯುವ ಸಂಘಗಳಿಗೇ ಮೊದಲು ಕೊಟ್ಟಿದ್ದರೆ ಈ ಹೋಲಿಕೆ ಮುರಿಯುತ್ತದೆ. ಆ ಪರೀಕ್ಷೆಯ ಫಲಿತಾಂಶವನ್ನು ಕೆಲಸದ ಆರಂಭದಲ್ಲಿ ಕೊಡುವ ಇನ್ಸೆಪ್ಷನ್ ವರದಿಯಲ್ಲೇ ಒಂದು ಸಣ್ಣ ಪ್ರಯೋಗದ ಮೂಲಕ ತೋರಿಸಿ ಎಂದು ಕೇಳಿ. ಮುರಿದರೆ ಹೋಲಿಕೆ ಬಿಟ್ಟು ಉಳಿದ ಮೂರು ಪ್ರಶ್ನೆಗಳಿಗೆ ಇಳಿಯಬಹುದು. ಪುಸ್ತಕಗಳ ಮೇಲೂ ಕಣ್ಣಿಡಬೇಕು. ಮೌಲ್ಯಮಾಪನ ಬರುತ್ತದೆ ಅಂತ ತಿಳಿದು ಒಂದೇ ಪೆನ್ನಿನಲ್ಲಿ, ಒಂದೇ ಕೂರಿಕೆಯಲ್ಲಿ ವರ್ಷದ ನಡಾವಳಿ ಬರೆದಿಟ್ಟದ್ದು ನಾನು ನೋಡಿದ್ದೇನೆ. ಐವರು ಸದಸ್ಯರ ಪಾಸ್‌ಬುಕ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟನ್ನು ಲೆಡ್ಜರ್‌ಗೆ ತಾಳೆ ಹಾಕಿದರೆ ಅದು ಬಯಲಾಗುತ್ತದೆ.

ಕಡಿಮೆ ದರದ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲೇ ಇದೆ. 870 ಸಂದರ್ಶನ, ದಿನಕ್ಕೆ ನಾಲ್ಕು ಅಂದರೆ ಸುಮಾರು 220 ಆಳುದಿನ. 150 ಸಂಘಗಳ ಪುಸ್ತಕ ನಕಲಿಗೆ ಸಂಘಕ್ಕೆ ಒಂದು ದಿನದಂತೆ 150. ಒಟ್ಟು 370. ಓಡಾಟ, ಊಟ, ವಸತಿ ಸೇರಿ ದಿನಕ್ಕೆ 2,500 ರೂಪಾಯಿ ಎಂದರೂ 9.25 ಲಕ್ಷ ಕ್ಷೇತ್ರ ಕೆಲಸಕ್ಕೇ ಬೇಕು. ಒಬ್ಬರು ಎಲ್ಲ ಸೇರಿ 9 ಲಕ್ಷಕ್ಕೆ ಮಾಡುತ್ತೇನೆ ಅಂದರೆ ಎಲ್ಲಿ ಕತ್ತರಿ ಬೀಳುತ್ತದೆ ಅಂತ ಊಹಿಸಬಹುದು. ಇಂಥ ಬೌದ್ಧಿಕ ಸೇವೆಗೆ ಗುಣಮಟ್ಟ ಮತ್ತು ದರ ಎರಡನ್ನೂ ತೂಗುವ ಪದ್ಧತಿ ಚಾಲ್ತಿಯಲ್ಲಿದೆ. 70:30 ಇಟ್ಟರೆ ಹೀಗಾಗುತ್ತದೆ: ಒಂದು ತಂಡಕ್ಕೆ ತಾಂತ್ರಿಕ ಅಂಕ 85, ದರ 14 ಲಕ್ಷ. ಇನ್ನೊಂದಕ್ಕೆ 62, ದರ 9 ಲಕ್ಷ. ಮೊದಲನೆಯದಕ್ಕೆ 59.5ರ ಜೊತೆ ದರದ ಅಂಕ 19.3, ಒಟ್ಟು 78.8. ಎರಡನೆಯದಕ್ಕೆ 43.4ರ ಜೊತೆ ಪೂರ್ತಿ 30, ಒಟ್ಟು 73.4. ಅದೇ 50:50 ಇಟ್ಟಿದ್ದರೆ ಎರಡನೆಯವರು 81 ಪಡೆದು ಗೆಲ್ಲುತ್ತಿದ್ದರು, ಮೊದಲನೆಯವರಿಗೆ 74.6 ಮಾತ್ರ. ಕನಿಷ್ಠ ತಾಂತ್ರಿಕ ಅಂಕ 70 ಅಂತ ಇಟ್ಟರೆ ಚಿಂತೆಯೇ ಇಲ್ಲ, ಎರಡನೆಯವರ ದರದ ಲಕೋಟೆ ತೆರೆಯುವುದೇ ಇಲ್ಲ. ನಿಮ್ಮ ಮೊತ್ತಕ್ಕೆ ಯಾವ ಪದ್ಧತಿ ಅನ್ವಯಿಸುತ್ತದೆ ಎಂಬುದನ್ನು ಲೆಕ್ಕಪತ್ರ ಶಾಖೆಯವರು 1999ರ ಪಾರದರ್ಶಕತೆ ಕಾಯ್ದೆ ಮತ್ತು ನಿಯಮಗಳಂತೆ ಹೇಳಬೇಕು. ತಾಂತ್ರಿಕ ಅಂಕ ಕೊಡುವಾಗ ಸಂಸ್ಥೆಯ ವಯಸ್ಸು, ವಹಿವಾಟಿಗಿಂತ ಕ್ಷೇತ್ರಕ್ಕೆ ಬರುವ ತಂಡದ ಮುಖ್ಯಸ್ಥರು ಎಷ್ಟು ದಿನ ಜಿಲ್ಲೆಯಲ್ಲಿರುತ್ತಾರೆ ಎಂಬುದಕ್ಕೆ ಜಾಸ್ತಿ ಅಂಕ ಇಡಿ. ದೊಡ್ಡ ಹೆಸರಿನ ಬಯೋಡೇಟಾ ಬರುತ್ತದೆ, ಆ ಮನುಷ್ಯ ಬರುವುದಿಲ್ಲ, ಇದು ಮಾಮೂಲು. ಕಳೆದ ಮೂರು ವರ್ಷದಲ್ಲಿ ನಿಮ್ಮ ಸಂಘಗಳಿಗೆ ತರಬೇತಿ ಕೊಟ್ಟು ಹಣ ಪಡೆದ ಸಂಸ್ಥೆ ಈ ಕೆಲಸಕ್ಕೆ ಅರ್ಹವಲ್ಲ ಎಂಬ ಸಾಲನ್ನೂ ಸೇರಿಸಿ.

ವರದಿ ವಿರುದ್ಧ ಬಂದರೆ? ಅದಕ್ಕೂ ಈಗಲೇ ಜಾಗ ಮಾಡಿಡಬೇಕು, ಬಂದ ಮೇಲೆ ಆಗುವುದಿಲ್ಲ. ಪಾವತಿಯನ್ನು ಸಾಮಾನ್ಯವಾಗಿ ಇನ್ಸೆಪ್ಷನ್ ವರದಿಗೆ ಶೇ 30, ಕರಡು ವರದಿಗೆ ಶೇ 50, ಅಂತಿಮ ವರದಿಗೆ ಶೇ 20 ಎಂದು ಹಂಚುತ್ತಾರೆ, ಅದು ಸರಿಯಾಗಿಯೇ ಇದೆ. ‘ಇಲಾಖೆ ತೃಪ್ತಿಪಟ್ಟ ಮೇಲೆ’ ಎಂಬ ಮಾತು ಮಾತ್ರ ಬೇಡ. ಅದು ಇದ್ದರೆ ಕನ್ಸಲ್ಟೆಂಟ್ ಕೊನೆಯ ಕಂತಿಗಾಗಿ ಅಧ್ಯಾಯಗಳನ್ನೇ ಮೆತ್ತಗೆ ಮಾಡುತ್ತಾರೆ. ಬದಲಿಗೆ ಹೀಗೆ ಬರೆಯಿರಿ: ಕರಡು ಬಂದ 21 ದಿನದೊಳಗೆ ಇಲಾಖೆ ಲಿಖಿತ ಆಕ್ಷೇಪ ಕೊಡಬೇಕು. ಲೆಕ್ಕದ ಅಥವಾ ವಾಸ್ತವದ ತಪ್ಪಿದ್ದರೆ ಕನ್ಸಲ್ಟೆಂಟ್ ತಿದ್ದಬೇಕು. ತೀರ್ಮಾನದ ಬಗ್ಗೆ ಭಿನ್ನಾಭಿಪ್ರಾಯ ಇದ್ದರೆ ಇಲಾಖೆಯ ಮಾತನ್ನು ಅನುಬಂಧವಾಗಿ ಹಾಕಬೇಕು, ತೀರ್ಮಾನ ಹಾಗೇ ಉಳಿಯಬೇಕು. ಕರಡು ಪರಿಶೀಲಿಸುವ ಸಮಿತಿಯಲ್ಲಿ ನಿಮ್ಮ ಉಪನಿರ್ದೇಶಕರ ಜೊತೆಗೆ ಲೀಡ್ ಬ್ಯಾಂಕಿನವರು, ಸಮೀಕ್ಷೆ ಬಲ್ಲ ಒಬ್ಬ ಪ್ರಾಧ್ಯಾಪಕರು, ಒಕ್ಕೂಟದ ಇಬ್ಬರು ಪ್ರತಿನಿಧಿಗಳು ಇರಲಿ. ಒಬ್ಬರೇ ಸಹಿ ಹಾಕುವ ವ್ಯವಸ್ಥೆಯಲ್ಲಿ ಕೆಟ್ಟ ಸುದ್ದಿ ಹೊರಬರುವುದು ಕಷ್ಟ. ಇದು ನಿಮಗೂ ರಕ್ಷಣೆ: ವರದಿಯಲ್ಲಿ ಶೇ 25 ಸಂಘ ನಿಂತಿವೆ ಅಂತ ಬಂದರೆ, ಅವು ಯಾಕೆ ನಿಂತವು ಎಂಬ ವಿವರ ಇರುವುದರಿಂದ, ಹಂಚಿಕೊಂಡು ಮುಗಿಸಿದವನ್ನೂ ಸಂಜೀವಿನಿಗೆ ಹೋದವನ್ನೂ ತೋರಿಸಿ ಮಾತಾಡಬಹುದು.

ಉಳಿದದ್ದು ಚಿಕ್ಕ ಷರತ್ತುಗಳು. ಟ್ಯಾಬ್‌ನಲ್ಲಿ ಸಂದರ್ಶನ ಶುರುವಾದ, ಮುಗಿದ ಸಮಯ ದಾಖಲಾಗಬೇಕು. ಹತ್ತರಲ್ಲಿ ಒಬ್ಬರನ್ನು ಬೇರೆ ಮೇಲ್ವಿಚಾರಕರು ಮತ್ತೆ ಭೇಟಿ ಮಾಡಿ ನಾಲ್ಕು ಪ್ರಶ್ನೆ ತಾಳೆ ನೋಡಬೇಕು. ಹೆಸರು, ಫೋನ್ ನಂಬರ್ ತೆಗೆದ ಮೂಲ ದತ್ತಾಂಶವನ್ನು ಇಲಾಖೆಗೆ ಕೊಡಬೇಕು, ಇಲ್ಲದಿದ್ದರೆ ಐದು ವರ್ಷದ ನಂತರ ಮತ್ತೆ ಶೂನ್ಯದಿಂದ ಶುರು. ಪ್ರಶ್ನಾವಳಿ ಮೊದಲೇ ಕನ್ನಡದಲ್ಲಿ ಸಿದ್ಧವಾಗಬೇಕು, ನಿಮ್ಮ ಭಾಗಕ್ಕೆ ಲಂಬಾಣಿ ಮತ್ತು ಉರ್ದು ಬಲ್ಲ ಸಂದರ್ಶಕರೂ ಬೇಕಾಗಬಹುದು. ಅವಧಿಯನ್ನು ನಾಲ್ಕರ ಬದಲು ಆರು ತಿಂಗಳು ಮಾಡಿ: ಹತ್ತು ಜನರ ತಂಡಕ್ಕೆ ಕ್ಷೇತ್ರ ಕೆಲಸವೇ 37 ದಿನ, ಅದರ ಹಿಂದೆ ಪಟ್ಟಿ, ಪ್ರಶ್ನಾವಳಿ ಪರೀಕ್ಷೆ, ಮುಂದೆ ಲೆಡ್ಜರ್ ನಮೂದು ಇವೆ. ತೊಗರಿ ಕೊಯ್ಲು, ಹತ್ತಿ ಬಿಡಿಸುವ ದಿನಗಳಲ್ಲಿ ಹಗಲು ಯಾರೂ ಮನೆಯಲ್ಲಿ ಸಿಗುವುದಿಲ್ಲ. ಕೊಯ್ಲು ಮುಗಿದು ಬೇರೆ ಊರಿಗೆ ದುಡಿಯಲು ಹೊರಟ ಮೇಲೂ ಸಿಗುವುದಿಲ್ಲ. ನಡುವಿನ ವಾರಗಳು ನಿಮ್ಮ ತಾಲ್ಲೂಕುಗಳಲ್ಲಿ ಯಾವಾಗ ಬೀಳುತ್ತವೆ ಎಂಬುದನ್ನು ಮೇಲ್ವಿಚಾರಕಿಯರನ್ನು ಕೇಳಿ, ಆ ದಿನಾಂಕಗಳನ್ನೇ ಟಿಒಆರ್‌ನ ವೇಳಾಪಟ್ಟಿಗೆ ಹಾಕಿ.